ಖಾಲಿ ಕೋಣೆ, ಕಡಕ್ ರೊಟ್ಟಿ, ಒಂದು ಲೆಕ್ಕ

ನಮ್ಮ ಬಾಗಲಕೋಟಿ, ಇಳಕಲ್ ಕಡೆ ಎಷ್ಟೋ ಮನೆಗಳಲ್ಲಿ ರಸ್ತೆ ಕಡೆಯ ಕೋಣೆಗೆ ಸುಮ್ನೆ ಬೀಗ ಬಿದ್ದಿರ್ತದ. ಅಲ್ಲಿ ಕಡಕ್ ಜೋಳದ ರೊಟ್ಟಿ ಮಾಡಿ ಮಾರಿದರೆ ಲೆಕ್ಕ ಕೂಡುತ್ತದೆಯೇ ಅಂತ ನೋಡೋಣ.

ಜೋಳದಲ್ಲಿ ಗ್ಲುಟನ್ ಇಲ್ಲ. ಅದಕ್ಕೇ ಹಿಟ್ಟಿಗೆ ಕುದಿಯುವ ನೀರು ಹಾಕ್ತೀವಿ. ಆ ಬಿಸಿಗೆ ಪಿಷ್ಟ ಅಂಟಾಗಿ ಹಿಟ್ಟನ್ನು ಹಿಡಿದಿಡುತ್ತದೆ. ನೀರು ಆರಿದ್ದರೆ ಬಡಿಯುವಾಗಲೇ ಅಂಚು ಸೀಳುತ್ತದೆ.

ಬೆಂದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ತೇವ ಪೂರಾ ಹೋಗುವವರೆಗೆ ಒಣಗಿಸಬೇಕು. ಆಮೇಲೆ ಬಟ್ಟೆ ಮೇಲೆ ಬಿಡಿಬಿಡಿಯಾಗಿ ಹರಡಿ ಆರಿಸಬೇಕು. ಖಾಲಿ ಕೋಣೆ ಬೇಕಾಗೋದು ಮುಖ್ಯವಾಗಿ ಇದಕ್ಕೇ. ಬಿಸಿ ಇರುವಾಗಲೇ ಕವರಿಗೆ ಹಾಕಿದರೆ ಹಬೆ ಒಳಗೇ ನೀರಾಗಿ, ರೊಟ್ಟಿ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ನಡುವೆ ಮುರಿದು ನೋಡ್ರಿ: ಟಪ್ ಅಂದ್ರೆ ಸರಿ, ಬಾಗಿದ್ರೆ ಇನ್ನೂ ತೇವ ಇದೆ.

ಈಗ ಲೆಕ್ಕ. ಕಿಲೋ ಹಿಟ್ಟಿಗೆ 15 ರೊಟ್ಟಿ ಅಂತ ಹಿಡಿದರೆ ದಿನಕ್ಕೆ 100 ರೊಟ್ಟಿಗೆ ಸುಮಾರು 7 ಕಿಲೋ ಬೇಕು. ಕಿಲೋಗೆ 50 ರೂಪಾಯಿಯಂತೆ 350. ಗ್ಯಾಸು, ಕವರು 100, ಬಡಿಯುವವರ ಕೂಲಿ 200 ಅಂತಿಟ್ಟುಕೊಳ್ಳೋಣ. ಒಟ್ಟು ಖರ್ಚು 650. ರೊಟ್ಟಿಗೆ 8 ರೂಪಾಯಿಯಂತೆ ಎಲ್ಲವೂ ಮಾರಿದರೆ 800, ಉಳಿಯೋದು 150. ಹತ್ತೇ ಹತ್ತು ರೊಟ್ಟಿ ಮುರಿದರೂ ಉಳಿಯೋದು 70! ಅಂದರೆ ಲಾಭದ ಅರ್ಧಕ್ಕಿಂತ ಹೆಚ್ಚು ಚೂರಾಗಿ ಹೋಯ್ತು. ಹಾಗಾಗಿ ಗಟ್ಟಿ ಡಬ್ಬಿಗೆ ಖರ್ಚು ಮಾಡೋದು ದಂಡ ಅಲ್ಲ. ಚೂರನ್ನೂ ಬೇರೆ ಕಟ್ಟಿ ಅರ್ಧ ದರಕ್ಕೆ ಕೊಟ್ಟರೆ 40 ರೂಪಾಯಿ ವಾಪಸ್ ಬರ್ತದ.

ಶುರು ಮಾಡುವ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ಮನೆ ಸಿಲಿಂಡರ್ ಇಲ್ಲಿ ಬಳಸುವಂತಿಲ್ಲ, ಕಮರ್ಷಿಯಲ್ ಸಿಲಿಂಡರೇ ಬೇಕು. ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ರೊಟ್ಟಿ ಬೇಗ ಮೆತ್ತಗಾಗುತ್ತದೆ, ಆಗ ಆರ್ಡರ್ ಬಂದಷ್ಟೇ ಮಾಡೋದು ಲೇಸು.