ಸಾಲದ ಕಂತಿಗೆ ಬ್ಯಾಂಕ್ ಹಾಲಿನ ಹಣ ಹಿಡಿಯಬಹುದೇ?

ಹಾಲಿನ ಬಟವಾಡೆ ಉಳಿತಾಯ ಖಾತೆಗೆ ಜಮೆಯಾದ ಮರುದಿನ ಪಶು ಆಹಾರ ತರಲು ಹೊರಟರೆ ಹಣವಿಲ್ಲ. ಸಾಲದ ಬಾಕಿಗೆ ಹೋಗಿದೆ. ಹಿರಿಯಡ್ಕ ಭಾಗದ ಸದಸ್ಯರು ದನಗಳ ಚಿಕಿತ್ಸೆಗೆ ಕರೆದಾಗ ಇದನ್ನೂ ಕೇಳುತ್ತಾರೆ: ನಮ್ಮನ್ನು ಕೇಳದೆ ತೆಗೆಯಬಹುದೇ?

ತೆಗೆಯಬಹುದು, ಆದರೆ ಮಿತಿಯಿದೆ. ಠೇವಣಿ ಎಂದರೆ ಬ್ಯಾಂಕ್ ನಮಗೆ ಕೊಡಬೇಕಾದ ಸಾಲ. ನಾವು ಪಡೆದದ್ದು ಬ್ಯಾಂಕಿಗೆ ಕೊಡಬೇಕಾದ ಸಾಲ. ಇವೆರಡನ್ನೂ ವಜಾ ಹಾಕುವುದೇ ಹೊಂದಾಣಿಕೆ ಹಕ್ಕು. ಇದರ ಜತೆಗೆ, 1872ರ ಕರಾರು ಕಾಯ್ದೆಯ 171ನೇ ಕಲಮು, ಬೇರೆ ಒಪ್ಪಂದ ಇಲ್ಲದಿದ್ದರೆ, ತನ್ನ ಬಳಿ ಇರುವ ಗ್ರಾಹಕರ ಪತ್ರಗಳನ್ನು ಬಾಕಿಗಾಗಿ ತಡೆಹಿಡಿಯಲು ಬ್ಯಾಂಕಿಗೆ ಅವಕಾಶ ಕೊಡುತ್ತದೆ.

ಈ ವಿಷಯದ ಹೆಸರಾಂತ ತೀರ್ಪು ನಮ್ಮೂರ ಬ್ಯಾಂಕಿನದೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮಣಿಪಾಲದಲ್ಲಿ ಕೇಂದ್ರ ಕಚೇರಿ ಹೊಂದಿದ್ದು, 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾದ ಸಿಂಡಿಕೇಟ್ ಬ್ಯಾಂಕ್ ಅದರ ಪಕ್ಷಗಾರ. ಬ್ಯಾಂಕ್ ಗ್ಯಾರಂಟಿಯ ಭದ್ರತೆಗೆ ಗ್ರಾಹಕರು ನಿರಖು ಠೇವಣಿ ರಶೀದಿಗಳನ್ನು ಕೊಟ್ಟಿದ್ದರು. ಇತರ ಬಾಕಿಗೂ ಅವನ್ನು ಬಳಸಬಹುದೆಂದು ಪತ್ರವನ್ನೂ ಬರೆದುಕೊಟ್ಟಿದ್ದರು. ಅವುಗಳ ಮೇಲೆ ಬ್ಯಾಂಕಿಗೆ ಹಕ್ಕಿದೆ ಎಂದು 1992ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ಸಾಲಪತ್ರಕ್ಕೆ ಸಹಿ ಹಾಕುವ ಮೊದಲು ‘ಯಾವುದೇ ಖಾತೆಯಿಂದ’ ಎಂಬ ಮಾತಿದೆಯೇ ಎಂದು ಓದಿ ನೋಡಿ.

ಮಿತಿ ತಿಳಿಯಲು ಒಂದು ಲೆಕ್ಕ. ಒಬ್ಬರು ದನದ ಸಾಲ ಪಡೆದು, ತಿಂಗಳಿಗೆ 3,000 ರೂಪಾಯಿ ಕಂತು ಕಟ್ಟುತ್ತಾರೆ. ಎರಡು ಕಂತು ಬಾಕಿ. ಖಾತೆಯಲ್ಲಿ 9,400 ರೂಪಾಯಿ ಇದೆ. ಬ್ಯಾಂಕ್ ತೆಗೆಯಬಹುದಾದದ್ದು 6,000 ಮತ್ತು ಅದರ ಬಡ್ಡಿ ಮಾತ್ರ. ಮುಂದಿನ ಕಂತಿನ ದಿನ ಇನ್ನೂ ಬಂದಿಲ್ಲ. ಕರಾರಿನಂತೆ ಇಡೀ ಸಾಲವನ್ನೇ ವಾಪಸು ಕೇಳಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ.

ಎರಡನೆಯದಾಗಿ, ಸಾಲಗಾರರೂ ಖಾತೆದಾರರೂ ಒಬ್ಬರೇ ಆಗಿರಬೇಕು, ಅದೂ ಒಂದೇ ಹೆಸರಿನ ನೆಲೆಯಲ್ಲಿ. ಗಂಡನೊಬ್ಬನ ಸಾಲಕ್ಕೆ ಗಂಡ-ಹೆಂಡತಿಯ ಜಂಟಿ ಖಾತೆಯಿಂದ, ಹೆಂಡತಿಯ ಒಪ್ಪಿಗೆಯ ಕರಾರಿಲ್ಲದೆ, ತೆಗೆಯುವಂತಿಲ್ಲ. ಅಧ್ಯಕ್ಷರ ಸ್ವಂತ ಸಾಲಕ್ಕೆ ಅವರು ಸಹಿ ಹಾಕುವ ಸಂಘದ ಖಾತೆ ಮುಟ್ಟುವಂತಿಲ್ಲ. ಆದರೆ ಸ್ವಂತ ಖಾತೆಯಲ್ಲಿರುವುದು ‘ಹಾಲಿನ ಹಣ’ ಎಂಬ ಒಂದೇ ಕಾರಣಕ್ಕೆ ರಕ್ಷಣೆ ಸಿಗದು.

ಹಣ ಹೋದರೆ ಮೊದಲು ಪಾಸ್‌ಬುಕ್ ಮುದ್ರಿಸಿ. ಹಣ ಕಡಿತವಾಗಿದೆಯೋ, ಬರೇ ತಡೆಹಿಡಿದಿದ್ದಾರೋ ನೋಡಿ. ಯಾವ ಸಾಲಕ್ಕೆ, ಯಾವ ಕಂತಿಗೆ, ಎಷ್ಟು ಎಂದು ಶಾಖೆಗೆ ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಬಹುದು, ಶುಲ್ಕವಿಲ್ಲ. ಪ್ರಾಥಮಿಕ ಕೃಷಿ ಸಹಕಾರಿ ಸಂಘದ ಸಾಲದ ವಿಚಾರ ಈ ವ್ಯವಸ್ಥೆಯಲ್ಲಿ ಬರುವುದಿಲ್ಲ. ಅದಕ್ಕೆ ಸಹಕಾರ ಇಲಾಖೆಯನ್ನು ಕಾಣಬೇಕು.