ಮರಳಿ ಸುರಿದ ಅಕ್ಕಿ

ಹನ್ನೆರಡನೆಯ ಶತಮಾನದ ಶರಣದಂಪತಿಗಳಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ಮನೆಮನೆಗೂ ತಿಳಿದುದೇ ಆಗಿದೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಅದನ್ನು ಕಂಡು, ಇದು ಆಸೆಯಿಂದ ಬಂದುದು, ತಂದಲ್ಲಿಗೇ ಮರಳಿ ಸುರಿದು ಬನ್ನಿರೆಂದಳು. ಮಾರಯ್ಯನು ವಾದಿಸಲಿಲ್ಲ, ಹೋಗಿ ಸುರಿದು ಬಂದನು.

ಈ ಕಥೆಯನ್ನು ಸಾಮಾನ್ಯವಾಗಿ ಅಪರಿಗ್ರಹಕ್ಕೆ ನಿದರ್ಶನವಾಗಿ ಹೇಳುತ್ತಾರೆ. ಆದರೆ ತಪ್ಪಿದ ಪತಿಯು ಸತಿಯ ಮುಂದೆ ತನ್ನ ತಪ್ಪನ್ನು ಒಪ್ಪಿಕೊಳ್ಳುವ ಕ್ರಮವೂ ಇದರಲ್ಲಿ ಅಡಗಿದೆ. ಅಕ್ಕಿಯಲ್ಲಿ ಹೇಗೋ ಹಾಗೆಯೇ ಹೊತ್ತಿನಲ್ಲಿಯೂ ಕಾಯಕದ ಅಳತೆಯೊಂದಿದೆ. ಅಳತೆ ಮೀರಿದುದು ಕಾಯಕವಲ್ಲ. ಅದನ್ನು ತಿಳಿಯಲು ಈ ಕಾಲದ ಒಬ್ಬ ಗೃಹಸ್ಥನ ಪ್ರಸಂಗವನ್ನು ನೋಡಬಹುದು.

ಆತನು ಒಂದು ಸಹಕಾರ ಸಂಘದಲ್ಲಿ ಲೆಕ್ಕಪತ್ರ ಬರೆಯುವವನು. ಹಾಸಿಗೆ ಹಿಡಿದ ಅವನ ತಾಯಿಯನ್ನು ಹಗಲೆಲ್ಲ ನೋಡಿಕೊಳ್ಳುವವಳು ಹೆಂಡತಿ. ತಿಂಗಳ ಕೊನೆಯ ಸಂಜೆ ಏಳು ಗಂಟೆಗೆ ಮಠದ ಶಿವಾನುಭವಗೋಷ್ಠಿಯಲ್ಲಿ ಆಕೆ ಮೊದಲ ಬಾರಿಗೆ ವಚನಗಾಯನ ಮಾಡುವುದೆಂದು ನಿಶ್ಚಯವಾಗಿತ್ತು. ಹದಿನೈದು ದಿನ ಅಡಿಗೆಮನೆಯಲ್ಲಿಯೇ ರಾಗ ಕೂಡಿಸಿಕೊಂಡಿದ್ದಳು. ಆರೂವರೆಗೆ ಮನೆಗೆ ಬಂದು ತಾಯಿಯ ಬಳಿ ಕುಳಿತುಕೊಳ್ಳುವೆನೆಂದು ಆತನು ಮಾತು ಕೊಟ್ಟಿದ್ದನು. ಹಿಂದೆ ಎರಡು ಸಲ ಇಂತಹ ಮಾತು ತಪ್ಪಿಹೋಗಿತ್ತು.

ಅಂದು ಸಂಜೆ ಐದು ಗಂಟೆಗೆ ಲೆಕ್ಕ ಕೂಡಿಸಿದಾಗ 540 ರೂಪಾಯಿ ವ್ಯತ್ಯಾಸ ಬಂದಿತು. ವ್ಯತ್ಯಾಸವು ಒಂಬತ್ತರಿಂದ ಭಾಗವಾದರೆ ಎಲ್ಲಿಯೋ ಎರಡು ಅಂಕೆಗಳು ಸ್ಥಾನ ಬದಲಿಸಿರಬಹುದೆಂಬುದು ಲೆಕ್ಕಿಗರಿಗೆ ತಿಳಿದ ಮಾತು. ಸಂಘದ ವ್ಯವಸ್ಥಾಪಕರು, "ನಾಳೆ ನೋಡಿದರಾಯಿತು, ತಖ್ತೆ ಕೊಡಲು ಇನ್ನೂ ಮೂರು ದಿನವಿದೆ" ಎಂದು ಹೇಳಿ ಹೊರಟರು. ಈತನು ಏಳಲಿಲ್ಲ. ಐದೂವರೆಯ ಹೊತ್ತಿಗೆ ಆರೂವರೆಗೆ ಮನೆ ಸೇರುವುದು ಆಗದೆಂದು ಮನಸ್ಸಿಗೆ ಹೊಳೆದಿತ್ತು. ಹೆಂಡತಿ ಎರಡು ಸಲ ಫೋನು ಮಾಡಿದಳು. ಎರಡು ಸಲವೂ "ಇನ್ನು ಅರ್ಧ ಗಂಟೆ" ಎಂದನು. ಎಂಟೂಕಾಲಿಗೆ ತಪ್ಪು ಸಿಕ್ಕಿತು: 1,710 ಎಂದಿರಬೇಕಾದುದು 1,170 ಎಂದು ಬರೆದುಹೋಗಿತ್ತು. ಎಂಟೂಮುಕ್ಕಾಲಿಗೆ ಮನೆ ಸೇರಿದನು. ಆಕೆ ಗೋಷ್ಠಿಗೆ ಉಟ್ಟ ಸೀರೆಯಲ್ಲಿಯೇ ಅತ್ತೆಗೆ ಗಂಜಿ ಕುಡಿಸುತ್ತಿದ್ದಳು.

"ಏನು ಮಾಡಲಿ, ಕೆಲಸ ಮುಗಿಯಲಿಲ್ಲ. ಕಾಯಕಕ್ಕೆ ನಿಂತವನು ಪೂಜೆಯನ್ನೂ ಮರೆಯಬೇಕೆಂದು ಶರಣರೇ ಹೇಳಿಲ್ಲವೆ?" ಎಂದನು. ಆಕೆ ಉತ್ತರ ಕೊಡದೆ ಊಟಕ್ಕೆ ಬಡಿಸಿದಳು. ಆತನು ಇದನ್ನು ಸಮಾಧಾನವೆಂದು ಎಣಿಸಿದನು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕೆಂಬ ಅರ್ಥದ ವಚನ ಮಾರಯ್ಯನದೇ ಅಹುದು. ಆದರೆ ಅಲ್ಲಿ ಬಿಡಲು ಹೇಳಿರುವುದು ಕಾಯಕ ಮಾಡುವವನ ಸ್ವಂತ ಪುಣ್ಯಸಾಧನೆಯನ್ನು. ಇನ್ನೊಬ್ಬರಿಗೆ ಕೊಟ್ಟ ಮಾತನ್ನಲ್ಲ. ತನ್ನ ಪೂಜೆಯನ್ನು ಬಿಟ್ಟರೆ ನಷ್ಟ ತನಗೆ. ಮಾತನ್ನು ಬಿಟ್ಟರೆ ನಷ್ಟ ನಂಬಿದವರಿಗೆ. ಅದೇ ಮಾರಯ್ಯನು ಒಮ್ಮೆ ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕಾಯಕವನ್ನೇ ಮರೆತಾಗ ಲಕ್ಕಮ್ಮ ಎಚ್ಚರಿಸಿದಳೆಂದೂ ಕಥೆಯಿದೆ. ಹೆಚ್ಚಾದುದು ಅಕ್ಕಿಯಾಗಲಿ ಗೋಷ್ಠಿಯಾಗಲಿ, ಅಳತೆಯನ್ನು ನೆನಪಿಸಿದವಳು ಸತಿ, ಕೇಳಿದವನು ಪತಿ.

ಎರಡನೆಯದು, ಮೌನವನ್ನು ಕ್ಷಮೆಯೆಂದು ತಿಳಿದುದು. ಎಷ್ಟು ಹೊತ್ತಿಗೆ ಬರುವಿರೆಂದು ಕೇಳುತ್ತಿದ್ದವಳು ಕೇಳುವುದನ್ನು ಬಿಟ್ಟರೆ ಸಿಟ್ಟು ಇಳಿದಿದೆ ಎಂದು ಅರ್ಥವಲ್ಲ. ಉತ್ತರದಲ್ಲಿ ನಂಬಿಕೆ ಇಳಿದಿದೆ ಎಂದು ಅರ್ಥ. ಮರುದಿನ ಬೆಳಿಗ್ಗೆ ಆಕೆ ಏನನ್ನೂ ಕೇಳದೆ ಬುತ್ತಿಯನ್ನು ಕೈಗಿತ್ತಾಗ ಆತನಿಗೆ ಇದು ತಿಳಿಯಿತು.

ಆತನು ಬುತ್ತಿಯನ್ನು ಕೆಳಗಿಟ್ಟು ಹೇಳಿದನು: "ಆರೂವರೆಗೆ ಬರುವೆನೆಂದು ಹೇಳಿ ಎಂಟೂಮುಕ್ಕಾಲಿಗೆ ಬಂದೆ. ಆ ಲೆಕ್ಕ ನಿನ್ನೆಯೇ ಮುಗಿಯಬೇಕಾಗಿರಲಿಲ್ಲ. ನಾಳೆ ಮಾಡೆಂದು ಮೇಲಿನವರೇ ಹೇಳಿದ್ದರು. ತಪ್ಪನ್ನು ನಾನೇ ಹಿಡಿಯಬೇಕೆಂಬ ಹಟಕ್ಕೆ ಕುಳಿತೆ. ಅರ್ಧ ಗಂಟೆ ಎಂದಾಗಲೇ ಅದು ನಿಜವಲ್ಲವೆಂದು ನನಗೆ ಗೊತ್ತಿತ್ತು. ನಿಜ ಹೇಳಿದ್ದರೆ ನೀನು ನೆರೆಮನೆಯ ಅಕ್ಕನನ್ನು ಅವ್ವನ ಹತ್ತಿರ ಕೂರಿಸಿ ಹೋಗುತ್ತಿದ್ದೆ. ಹದಿನೈದು ದಿನ ಕಲಿತ ನಿನ್ನ ಹಾಡನ್ನು ನಾನು ಕೆಡಿಸಿದೆ. ನನ್ನದು ತಪ್ಪಾಯಿತು."

"ಇದು ಮೂರನೆಯ ಸಲ" ಎಂದಳು ಆಕೆ.

"ಹೌದು, ಮೂರನೆಯ ಸಲ" ಎಂದನು. ಮತ್ತೇನನ್ನೂ ಸೇರಿಸಲಿಲ್ಲ.

ಈ ಮಾತುಗಳನ್ನು ಪರಿಶೀಲಿಸಿದರೆ, ಇದರಲ್ಲಿ "ಆದರೆ" ಎಂಬ ಪದವಿಲ್ಲ. ಕೆಲಸದ ಹೊರೆ ಎಂದು ಹೇಳದೆ ಹಟವೆಂದು ಹೇಳಿದುದರಿಂದ, ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಆಸೆಯೆಂದು ಕರೆದಂತೆ, ತಪ್ಪಿಗೆ ಅದರ ನಿಜವಾದ ಹೆಸರು ಬಂದಿತು. ತಡವಾದುದಕ್ಕಿಂತಲೂ "ಅರ್ಧ ಗಂಟೆ" ಎಂಬ ಸುಳ್ಳೇ ಹೆಚ್ಚು ಹಾನಿ ಮಾಡಿತೆಂಬುದನ್ನು ಆತನೇ ಬಾಯಿಬಿಟ್ಟು ಹೇಳಿದನು. ತಡವು ಎರಡೂಕಾಲು ಗಂಟೆಯನ್ನು ಕಸಿದುಕೊಂಡಿತು. ಸುಳ್ಳು ಆಕೆಗಿದ್ದ ಬೇರೆ ದಾರಿಯನ್ನೂ ಮುಚ್ಚಿತು. ಮೂರನೆಯ ಸಲವೆಂಬ ಲೆಕ್ಕವನ್ನು ಒಪ್ಪಿಕೊಂಡುದೂ ಅಗತ್ಯವೇ. ಮೊದಲ ತಪ್ಪಿಗೆ ಕೇಳುವ ಕ್ಷಮೆ ಒಂದು ಸಂಜೆಗೆ ಸಂಬಂಧಿಸಿದ್ದು. ಮರುಕಳಿಸಿದ ತಪ್ಪಿಗೆ ಕೇಳುವ ಕ್ಷಮೆ ಮಾತಿನ ಬೆಲೆಗೇ ಸಂಬಂಧಿಸಿದ್ದು. ಮಲ್ಲಿಗೆಯ ದಂಡೆಯನ್ನೋ ಪೇಡೆಯನ್ನೋ ಮುಂದಿಟ್ಟು ಮಾತನ್ನು ತಪ್ಪಿಸಿಕೊಂಡಿದ್ದರೆ ಆ ಬೆಲೆ ಮರಳುತ್ತಿರಲಿಲ್ಲ.

ಇಷ್ಟಾದರೂ ಬಾಯಿಮಾತಿನಿಂದ ಅಕ್ಕಿ ಅಂಗಳಕ್ಕೆ ಮರಳುವುದಿಲ್ಲ. ಕಳೆದ ಸಂಜೆಯನ್ನು ತಂದುಕೊಡುವುದು ಯಾರಿಂದಲೂ ಆಗದು. ಹೆಚ್ಚಾಗಿ ತೆಗೆದುಕೊಂಡ ಹೊತ್ತನ್ನು ಮಾತ್ರ ಮರಳಿ ಸುರಿಯಬಹುದು. ಆತನು ಮುಂದಿನ ತಿಂಗಳ ಗೋಷ್ಠಿಯ ದಿನಕ್ಕೆ ಅರ್ಧ ದಿನದ ರಜೆಯನ್ನು ಮೊದಲೇ ಬರೆದುಕೊಟ್ಟನು; ಮಧ್ಯಾಹ್ನವೇ ಮನೆಯಲ್ಲಿರುವವನು ಆರೂವರೆಯ ಮಾತನ್ನು ತಪ್ಪಲಾರನು. ಉಳಿದ ದಿನಗಳಲ್ಲಿ ತನ್ನ ಕೈಯಲ್ಲಿಲ್ಲದ ಹೊತ್ತನ್ನು ಹೇಳುವುದನ್ನು ಬಿಟ್ಟು, ತಡವಾಗುವುದೆಂದು ತಿಳಿದ ಗಳಿಗೆಯಲ್ಲಿಯೇ, ಆಕೆ ಕೇಳುವ ಮುನ್ನ, ನಿಜವಾದ ಹೊತ್ತನ್ನು ತಿಳಿಸತೊಡಗಿದನು. ರಜೆಯ ವಿಷಯ ಕೇಳಿ ಆಕೆ "ನೋಡೋಣ" ಎಂದಷ್ಟೇ ಹೇಳಿದಳು. ಆತನು ಹೆಚ್ಚಿನದನ್ನು ಬಯಸಲಿಲ್ಲ. ಕ್ಷಮೆಯನ್ನು ಕೇಳುವುದು ತಪ್ಪಿದವನ ಕೆಲಸ; ಅದನ್ನು ಕೊಡುವ ಹೊತ್ತು ನೊಂದವರದು.

ಎಲ್ಲ ತಡವೂ ಹೆಚ್ಚಿನ ಅಕ್ಕಿಯಲ್ಲ. ಆಸ್ಪತ್ರೆಯ ದಾದಿಯು ತನ್ನ ಜಾಗಕ್ಕೆ ಇನ್ನೊಬ್ಬಳು ಬರುವವರೆಗೆ ರೋಗಿಯನ್ನು ಬಿಟ್ಟು ಬರಲಾರಳು. ಬಸ್ಸಿನ ನಿರ್ವಾಹಕನು ನಡುದಾರಿಯಲ್ಲಿ ಇಳಿಯಲಾರನು. ಅಲ್ಲಿ ಇಲ್ಲದ ಹಟವನ್ನು ಒಪ್ಪಿಕೊಳ್ಳಬೇಕಾಗಿಲ್ಲ. ಮನೆಯವರಿಗಾದ ನಷ್ಟವನ್ನು ಹೆಸರಿಸಿ ಮರುಗುವುದು ಮತ್ತು ಬೇಗ ಸುದ್ದಿ ಮುಟ್ಟಿಸುವುದು ಮಾತ್ರ ಸಲ್ಲುತ್ತದೆ. ದುಡಿಯಲು ಹೋದವಳು ಸತಿಯಾಗಿ, ಕಾದವನು ಪತಿಯಾಗಿದ್ದರೂ ಕ್ರಮ ಇದೇ. ಎರಡಕ್ಕೂ ಇರುವ ಪರೀಕ್ಷೆ ಒಂದೇ: ಈ ಹೊತ್ತು ಕಾಯಕ ಕೇಳಿದ್ದೋ, ನಾನು ಕೇಳಿಕೊಂಡದ್ದೋ?

ಮುಂದಿನ ತಿಂಗಳ ಗೋಷ್ಠಿಯ ಸಂಜೆ ಆ ಮನೆಯಲ್ಲಿ ಮಗನು ತಾಯಿಗೆ ಗಂಜಿ ಕುಡಿಸುತ್ತಿದ್ದನು. ಮಠದಲ್ಲಿ ಆಕೆಯ ಸರದಿ ಮೂರನೆಯದಾಗಿತ್ತು. ಮನೆಗೆ ಬಂದವಳು ಸೆರಗು ಸರಿಪಡಿಸಿಕೊಳ್ಳುತ್ತ, "ನಾಳೆ ಎಷ್ಟು ಹೊತ್ತಿಗೆ ಬರುವಿರಿ?" ಎಂದು ಕೇಳಿದಳು.