ನೆರವಿನ ಅರ್ಜಿಯ ಕಾಗದಗಳನ್ನು ಒಂದೇ ಅಳತೆಯ ಪಿಡಿಎಫ್ ಮಾಡುವ ಕ್ರಮ



ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆಯಂಥ ದೊಡ್ಡ ಖರ್ಚನ್ನು ನಮ್ಮ ಸಂಘದ ನಿಧಿಯೊಂದೇ ಪೂರ್ತಿ ಹೊರಲಾರದು. ಹಾಗಾಗಿ ರೋಗಿಯ ಮನೆಯವರು ನಮ್ಮಲ್ಲಿ ಅರ್ಜಿ ಕೊಟ್ಟ ಮೇಲೆ ಬೇರೆ ದತ್ತಿ ಸಂಸ್ಥೆಗಳಿಗೂ ಬರೆಯುತ್ತಾರೆ. ಕಾಗದಪತ್ರಗಳನ್ನೆಲ್ಲ ಸೇರಿಸಿ ಒಂದೇ ಪಿಡಿಎಫ್ ಕಳಿಸಿ ಎಂದು ಅಲ್ಲಿಂದ ಉತ್ತರ ಬರುತ್ತದೆ. ನಿವೃತ್ತಿಯ ನಂತರ ಈ ಕಡತಗಳನ್ನು ಜೋಡಿಸಿಕೊಡುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಮನೆಯಲ್ಲಿ ಕಂಪ್ಯೂಟರ್ ಇರುವ ಯಾರಾದರೂ ಇದನ್ನು ಮಾಡಬಹುದು. ನಿಮ್ಮ ಬಡಾವಣೆಯಲ್ಲೇ ಒಂದು ಕುಟುಂಬಕ್ಕೆ ಬೇಕಾದೀತು ಎಂದು ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಕಡತಗಳನ್ನು ಸೇರಿಸುವುದರಿಂದ ಪುಟಗಳ ಅಳತೆ ಸರಿಹೋಗುವುದಿಲ್ಲ. ಪಿಡಿಎಫ್‌ನಲ್ಲಿ ಪ್ರತಿ ಪುಟವೂ ತನ್ನ ಅಗಲ ಎತ್ತರಗಳನ್ನು ತಾನೇ ಹೊತ್ತಿರುತ್ತದೆ. ಸೇರಿಸುವುದೆಂದರೆ ಬ್ಯಾಂಕಿನಲ್ಲಿ ನಾವು ಬೇರೆ ಬೇರೆ ಅಳತೆಯ ವೋಚರುಗಳಿಗೆ ತೂತು ಹೊಡೆದು ಒಂದೇ ಟ್ಯಾಗಿಗೆ ಪೋಣಿಸುತ್ತಿದ್ದಂತೆ. ಕಟ್ಟು ಒಂದಾಗುತ್ತದೆ, ಚಿಕ್ಕ ಚೀಟಿ ಚಿಕ್ಕದಾಗಿಯೇ ಉಳಿಯುತ್ತದೆ. ಆದ್ದರಿಂದ ಒಂದೊಂದು ಕಾಗದವನ್ನೂ ಮೊದಲು ಎ4 ಅಳತೆಗೆ, ನಿಂತ ಪುಟವಾಗಿ ತಂದುಕೊಳ್ಳಬೇಕು. ಸೇರಿಸುವುದು ಕೊನೆಯ ಕೆಲಸ.

ಅಳತೆ ಬೇರೆಯಾದರೆ ಏನು ನಷ್ಟ ಎಂದು ಕೇಳಬಹುದು. ದತ್ತಿ ಸಂಸ್ಥೆಯ ಕಚೇರಿಯಲ್ಲಿ ಯಾರೋ ಇದನ್ನು ಎ4 ಹಾಳೆಯಲ್ಲಿ ಮುದ್ರಿಸಿ ಸಮಿತಿಯ ಮುಂದಿಡುತ್ತಾರೆ. ಪುಟ ಹಾಳೆಗಿಂತ ದೊಡ್ಡದಿದ್ದು, ನಿಜ ಅಳತೆಯಲ್ಲಿ ಮುದ್ರಣವಾದರೆ ಅಂಚು ಕತ್ತರಿಸಿಹೋಗುತ್ತದೆ. ಆಸ್ಪತ್ರೆಯ ಬಿಲ್ಲಿನಲ್ಲಿ ಬಲ ಅಂಚಿನಲ್ಲಿರುವುದು ರೂಪಾಯಿಯ ಕಾಲಂ! ಮೊತ್ತವೇ ಕಾಣದ ಬಿಲ್ಲಿಗೆ ಯಾರೂ ಮಂಜೂರಾತಿ ಕೊಡುವುದಿಲ್ಲ. ಅರ್ಜಿ ಹಿಂದಕ್ಕೆ ಬರುತ್ತದೆ, ಸಮಿತಿ ಮತ್ತೆ ಸೇರುವವರೆಗೆ ರೋಗಿ ಕಾಯಬೇಕಾಗುತ್ತದೆ.

ಒಂದು ಮಾದರಿ ಅರ್ಜಿಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಒಟ್ಟು 14 ಪುಟ. ವರ್ಡ್‌ನಲ್ಲಿ ಬೆರಳಚ್ಚು ಮಾಡಿದ ಮನವಿ ಪತ್ರ 2 ಪುಟ. ಆಸ್ಪತ್ರೆ ಇಮೇಲ್‌ನಲ್ಲಿ ಕಳಿಸಿದ ಖರ್ಚಿನ ಅಂದಾಜು 1 ಪುಟ. ಸ್ಕ್ಯಾನ್ ಮಾಡಿದ ಡಿಸ್ಚಾರ್ಜ್ ಸಮ್ಮರಿ 4 ಪುಟ. ಫೋನಿನಲ್ಲಿ ತೆಗೆದ ಬಿಲ್ಲುಗಳ ಫೋಟೊ 5. ಆದಾಯ ಪ್ರಮಾಣಪತ್ರ 1, ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ 1. ಇವು ಮೂರು ಬಗೆಯವು: ವರ್ಡ್ ಕಡತ, ಈಗಾಗಲೇ ಪಿಡಿಎಫ್ ಆಗಿರುವುದು, ಫೋಟೊ. ಪ್ರತಿ ಬಗೆಗೂ ಬೇರೆ ದಾರಿ.

ಮೊದಲನೆಯದು ಮನವಿ ಪತ್ರ. ವರ್ಡ್‌ನಲ್ಲಿ Layout, Size ಒತ್ತಿ A4 ಆಯ್ದುಕೊಳ್ಳಿ. ಅನೇಕ ಕಂಪ್ಯೂಟರುಗಳಲ್ಲಿ ಅಲ್ಲಿ Letter ಎಂಬ ಅಮೆರಿಕದ ಅಳತೆ ಕುಳಿತಿರುತ್ತದೆ. ಎ4 ಎಂದರೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. ಲೆಟರ್ ಅದಕ್ಕಿಂತ 6 ಮಿ.ಮೀ. ಅಗಲ ಹೆಚ್ಚು, ಸುಮಾರು 18 ಮಿ.ಮೀ. ಗಿಡ್ಡ. ಅಳತೆ ಬದಲಿಸಿದಾಗ ಸಾಲುಗಳು ಸರಿದಾಡುತ್ತವೆ, ಆದ್ದರಿಂದ ಸಹಿಯ ಜಾಗ ಒಂಟಿಯಾಗಿ ಮುಂದಿನ ಪುಟಕ್ಕೆ ಹೋಗಿದೆಯೇ ಎಂದು ನೋಡಿಕೊಳ್ಳಿ. ಆಮೇಲೆ File, Save As ಒತ್ತಿ, ಕಡತದ ಬಗೆಯಲ್ಲಿ PDF ಆರಿಸಿ ಉಳಿಸಿ.

ನಮ್ಮವರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಬೇಕು. ಪತ್ರವನ್ನು ನುಡಿಯಲ್ಲೋ ಬರಹದಲ್ಲೋ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್ ಬಳಸಿ ಕನ್ನಡದಲ್ಲಿ ಬೆರಳಚ್ಚು ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹೀಗಾಗಿ ಬೆರಳಚ್ಚು ಮಾಡಿದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಸಿ. ಆಗ ಫಾಂಟ್ ಕಡತದೊಳಗೇ ಸೇರಿಕೊಳ್ಳುತ್ತದೆ, ಮುಂಬೈಯಲ್ಲಿ ತೆರೆದರೂ ದೆಹಲಿಯಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಇರುತ್ತದೆ.

ಎರಡನೆಯದು ಫೋಟೊಗಳು. ಅತಿ ಹೆಚ್ಚು ತೊಂದರೆ ಇವುಗಳಿಂದಲೇ. ಫೋನಿನ ಫೋಟೊ ಸಾಮಾನ್ಯವಾಗಿ 3024 ಚುಕ್ಕೆ ಅಗಲ, 4032 ಚುಕ್ಕೆ ಎತ್ತರ ಇರುತ್ತದೆ. ಪಿಡಿಎಫ್‌ನಲ್ಲಿ ಒಂದು ಅಂಗುಲಕ್ಕೆ 72 ಅಳತೆ. ಕೆಲವು ತಂತ್ರಾಂಶಗಳು ಒಂದು ಚುಕ್ಕೆಯನ್ನು ಒಂದು ಅಳತೆಯೆಂದು ಎಣಿಸಿ ಪುಟ ಮಾಡುತ್ತವೆ. 3024ನ್ನು 72ರಿಂದ ಭಾಗಿಸಿದರೆ 42 ಅಂಗುಲ, 4032ನ್ನು ಭಾಗಿಸಿದರೆ 56 ಅಂಗುಲ. ಔಷಧಿ ಅಂಗಡಿಯ ಚೀಟಿ ಹಾಸಿಗೆಯಷ್ಟು ದೊಡ್ಡ ಪುಟವಾಗುವುದು ಹೀಗೆ. ಅದಕ್ಕೇ ಫೋಟೊವನ್ನು ನೇರವಾಗಿ ಪಿಡಿಎಫ್ ಮಾಡುವ ಬದಲು ವರ್ಡ್ ಮೂಲಕ ತರುವುದು ನನ್ನ ರೂಢಿ.

ಹೊಸ ವರ್ಡ್ ಕಡತ ತೆರೆದು ಅಳತೆ A4, Margins ಒತ್ತಿ Narrow ಆರಿಸಿ. ಆಗ ಸುತ್ತ 1.27 ಸೆಂ.ಮೀ. ಬಿಟ್ಟು, ಚಿತ್ರಕ್ಕೆ 18.46 ಸೆಂ.ಮೀ. ಅಗಲ, 27.16 ಸೆಂ.ಮೀ. ಎತ್ತರ ಸಿಗುತ್ತದೆ. Insert, Pictures ಮೂಲಕ ಒಂದೊಂದೇ ಫೋಟೊ ಸೇರಿಸಿ, ಅಗಲವನ್ನು 18.4 ಸೆಂ.ಮೀ. ಮಾಡಿ. ಫೋನಿನ ಫೋಟೊದ ಎತ್ತರ ಆಗ ಸುಮಾರು 24.5 ಸೆಂ.ಮೀ. ಆಗಿ ಪುಟದೊಳಗೆ ಕೂರುತ್ತದೆ. ಫೋಟೊ ಮಲಗಿದ್ದರೆ ಇಲ್ಲೇ ಎಬ್ಬಿಸಿ ನಿಲ್ಲಿಸಿ. ಚಿತ್ರದ ಮೇಲೆ ಒತ್ತಿದರೆ ಸಿಗುವ Picture Format ಪಟ್ಟಿಯಲ್ಲಿ Rotate ಇದೆ, ಬಿಲ್ಲಿನ ಸುತ್ತ ಮೇಜು, ಬೆರಳು ಕಾಣುತ್ತಿದ್ದರೆ ಅಲ್ಲೇ ಇರುವ Crop ಬಳಸಿ. ಔಷಧಿ ಅಂಗಡಿಯ ಉದ್ದ ಕಿರಿದಾದ ಚೀಟಿಯನ್ನು ಪುಟದ ಅಗಲಕ್ಕೆ ಎಳೆಯಬೇಡಿ. ಅದು ಪುಟದ ಕೆಳಗೆ ದಾಟಿಹೋಗುತ್ತದೆ. ಅಗಲ 8 ಸೆಂ.ಮೀ. ಇಟ್ಟರೆ ಒಂದು ಪುಟದಲ್ಲಿ ಎರಡು ಚೀಟಿ ಪಕ್ಕಪಕ್ಕ ಬರುತ್ತವೆ. ಇಂಥ ಚೀಟಿಗಳ ಮಸಿ ತಿಂಗಳುಗಳಲ್ಲಿ ಮಾಸುವುದರಿಂದ ಕೈಗೆ ಬಂದ ದಿನವೇ ಫೋಟೊ ತೆಗೆಯಲು ಹೇಳಿ. ಅದನ್ನು ವಾಟ್ಸ್ಯಾಪ್‌ನಲ್ಲಿ ಕಳಿಸುವಾಗ Document ಎಂದು ಲಗತ್ತಿಸಬೇಕು. ಸಾಮಾನ್ಯ ಫೋಟೊವಾಗಿ ಕಳಿಸಿದರೆ ಅದು ಕುಗ್ಗಿ, ಸಣ್ಣ ಅಂಕಿಗಳು ಮಸುಕಾಗುತ್ತವೆ. ನಮ್ಮ ಮಾದರಿಯ 5 ಬಿಲ್ಲು, 1 ಪಾಸ್‌ಬುಕ್ ಸೇರಿ 6 ಫೋಟೊಗೆ 6 ಪುಟ. ಬಿಲ್ಲುಗಳಿಗೆ ಒಂದು, ಪಾಸ್‌ಬುಕ್ಕಿಗೆ ಇನ್ನೊಂದು ವರ್ಡ್ ಕಡತ ಮಾಡಿ, ಎರಡನ್ನೂ ಪಿಡಿಎಫ್ ಆಗಿ ಉಳಿಸಿ.

ಮೂರನೆಯದು ಪಿಡಿಎಫ್ ಆಗಿಯೇ ಬಂದವು. ಅಡೋಬ್ ರೀಡರ್‌ನಲ್ಲಿ ತೆರೆದು Ctrl+D ಒತ್ತಿದರೆ Page Size ಎಂಬ ಸಾಲು ಕಾಣುತ್ತದೆ. ಎ4 ಆದರೆ 8.27 x 11.69 in ಎಂದಿರುತ್ತದೆ. ಸ್ಕ್ಯಾನರಿನಲ್ಲಿ ಎ4 ಆರಿಸಿ ಮಾಡಿದ ಡಿಸ್ಚಾರ್ಜ್ ಸಮ್ಮರಿ ಹೀಗೆಯೇ ಇರುತ್ತದೆ, ಮುಟ್ಟಬೇಕಿಲ್ಲ. ಆಸ್ಪತ್ರೆಯ ಅಂದಾಜು 8.50 x 11.00 in ಎಂದು ತೋರಿಸಿದರೆ ಅದು ಲೆಟರ್. ಅದನ್ನು ಮರುಮುದ್ರಣ ಮಾಡಬೇಕು, ಕಾಗದದ ಮೇಲಲ್ಲ, ಕಂಪ್ಯೂಟರಿನೊಳಗೇ. ವಿಂಡೋಸ್‌ನಲ್ಲಿ Print ಒತ್ತಿ, ಪ್ರಿಂಟರ್ ಜಾಗದಲ್ಲಿ Microsoft Print to PDF ಆರಿಸಿ. Page Setup ಒಳಗೆ ಕಾಗದವನ್ನು A4 ಮಾಡಿ, Fit ಗುರುತಿಸಿ, Portrait ಆಯ್ದು, ಬೇರೆ ಹೆಸರಿನಲ್ಲಿ ಉಳಿಸಿ. ಅಕ್ಷರ ನೂರಕ್ಕೆ 3ರಷ್ಟು ಮಾತ್ರ ಕುಗ್ಗುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ.

ಅಡ್ಡ ಪುಟ ಬಂದರೆ ಲೆಕ್ಕ ಬೇರೆ. 297 ಮಿ.ಮೀ. ಅಗಲದ ಕೋಷ್ಟಕ 210 ಮಿ.ಮೀ.ಗೆ ಇಳಿದರೆ ನೂರಕ್ಕೆ 71 ಮಾತ್ರ ಉಳಿಯುತ್ತದೆ. 10ರ ಅಕ್ಷರ 7ರಷ್ಟಾಗುತ್ತದೆ, ಇದು ಓದಬಹುದಾದ ಗಾತ್ರ. ಮೂಲದಲ್ಲೇ ಅಕ್ಷರ 8 ಇದ್ದರೆ ಸುಮಾರು ಐದೂವರೆಗೆ ಇಳಿಯುತ್ತದೆ, ವಯಸ್ಸಾದ ಸಮಿತಿ ಸದಸ್ಯರಿಗೆ ಕಷ್ಟ. ಅಂಥ ಒಂದು ಪುಟವನ್ನು ಎ4 ಅಡ್ಡವಾಗಿಯೇ ಬಿಟ್ಟು, ಮುಖಪುಟದ ಪಟ್ಟಿಯಲ್ಲಿ ಹಾಗೆಂದು ಬರೆಯುವುದು ಮೇಲು.

ರೀಡರ್‌ನಲ್ಲಿ Rotate View ಒತ್ತಿ ಪುಟ ತಿರುಗಿಸಿದರೆ ಅದು ನಮ್ಮ ಪರದೆಯ ಮಟ್ಟಿಗೆ ಮಾತ್ರ. ಕಡತದಲ್ಲಿ ಪುಟ ಮಲಗಿಯೇ ಇರುತ್ತದೆ, ಕಳಿಸಿದ ಕಡೆ ಹಾಗೆಯೇ ತೆರೆಯುತ್ತದೆ. ಶಾಶ್ವತವಾಗಿ ತಿರುಗಿಸಲು PDFsam Basic ಎಂಬ ಉಚಿತ ತಂತ್ರಾಂಶದಲ್ಲಿ Rotate ವಿಭಾಗವಿದೆ. ಸೇರಿಸುವ ಕೆಲಸಕ್ಕೂ ಅದನ್ನೇ ಬಳಸುತ್ತೇನೆ, ಏಕೆಂದರೆ ಅದು ನಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಉಚಿತವಾಗಿ ಸೇರಿಸಿಕೊಡುವ ಅಪರಿಚಿತ ಜಾಲತಾಣಕ್ಕೆ ಒಬ್ಬರ ರೋಗದ ವಿವರ, ಖಾತೆ ಸಂಖ್ಯೆಗಳನ್ನು ಏರಿಸುವುದು ನನಗೆ ಒಪ್ಪಿಗೆಯಿಲ್ಲ.

ಈಗ ಕಡತಗಳಿಗೆ ಕ್ರಮವಾಗಿ 01, 02 ಎಂದು ಆರಂಭವಾಗುವ ಹೆಸರಿಡಿ: ಮನವಿ, ಅಂದಾಜು, ಸಮ್ಮರಿ, ಬಿಲ್ಲುಗಳು, ಆದಾಯ ಪತ್ರ, ಪಾಸ್‌ಬುಕ್. ಇವುಗಳಿಗೆ ಮೊದಲು 00 ಎಂಬ ಒಂದು ಪುಟದ ಪಟ್ಟಿ ಇರಲಿ. ಅದರಲ್ಲಿ ಯಾವ ಕಾಗದ ಎಷ್ಟನೇ ಪುಟದಲ್ಲಿದೆ, ಪ್ರತಿ ಬಿಲ್ಲಿನ ದಿನಾಂಕ ಮತ್ತು ಮೊತ್ತ, ಕೊನೆಗೆ ಒಟ್ಟು. PDFsamನಲ್ಲಿ Merge ತೆರೆದು ಏಳೂ ಕಡತಗಳನ್ನು ಎಳೆದು ಹಾಕಿ, ಕ್ರಮ ನೋಡಿ, Run ಒತ್ತಿ. ಪಟ್ಟಿ ಸೇರಿ 15 ಪುಟದ ಒಂದು ಕಡತ ಸಿಗುತ್ತದೆ.

ಇಲ್ಲಿ ಒಂದು ಮಿತಿಯನ್ನು ಹೇಳಲೇಬೇಕು. ಸರ್ಕಾರಿ ಜಾಲತಾಣದಿಂದ ಇಳಿಸಿಕೊಂಡ ಆದಾಯ ಪ್ರಮಾಣಪತ್ರದಲ್ಲಿ ಡಿಜಿಟಲ್ ಸಹಿ ಇದ್ದರೆ, ಮರುಮುದ್ರಣವಾಗಲಿ ಸೇರಿಸುವುದಾಗಲಿ ಮಾಡಿದ ಮೇಲೆ ಆ ಸಹಿಯನ್ನು ಪರಿಶೀಲಿಸಲು ಆಗುವುದಿಲ್ಲ. ಸಹಿಯ ಚಿತ್ರ ಕಾಣುತ್ತದೆ, ಅದರ ಬಲ ಉಳಿಯುವುದಿಲ್ಲ. ಆದ್ದರಿಂದ ಸೇರಿಸಿದ ಪ್ರತಿಯ ಜೊತೆಗೆ ಮೂಲ ಪಿಡಿಎಫ್ ಅನ್ನೂ ಬೇರೆ ಲಗತ್ತಾಗಿ ಕಳಿಸಿ.

ಕಳಿಸುವ ಮೊದಲು ಎರಡು ಪರೀಕ್ಷೆ. ರೀಡರ್‌ನ ಪಕ್ಕದಲ್ಲಿ ಪುಟಗಳ ಚಿಕ್ಕ ಚಿತ್ರಗಳನ್ನು ತೆರೆಯಿರಿ. ಒಂದು ಪುಟದ ಆಕಾರ ಮಿಕ್ಕವುಗಳಿಗಿಂತ ಬೇರೆ ಕಂಡರೆ ಅಲ್ಲಿ ಹೋಗಿ Ctrl+D ಒತ್ತಿ, ಏಕೆಂದರೆ ಅದು ತೋರಿಸುವುದು ಆಗ ಪರದೆಯಲ್ಲಿರುವ ಪುಟದ ಅಳತೆಯನ್ನು ಮಾತ್ರ. ಎರಡನೆಯದಾಗಿ, ಬಿಲ್ಲಿನ ಒಂದು ಪುಟವನ್ನು Actual size ಆರಿಸಿ ಎ4 ಹಾಳೆಯಲ್ಲಿ ಮುದ್ರಿಸಿ. ಬಲ ಅಂಚಿನ ಮೊತ್ತ ಪೂರ್ತಿ ಬಂದಿದ್ದು, ಕನ್ನಡಕ ಹಾಕಿಕೊಂಡು ಓದಲು ಆಗುತ್ತಿದ್ದರೆ ಕಡತ ಸಿದ್ಧ. ಸಂಘಕ್ಕೆ ಕಳಿಸುವ ಅರ್ಜಿಗಳೂ ಇದೇ ಕ್ರಮದಲ್ಲಿದ್ದರೆ, ಅದೇ ಪ್ರತಿಯನ್ನು ನಾವು ಬೇರೆ ಸಂಸ್ಥೆಗಳಿಗೂ ತಡವಿಲ್ಲದೆ ಕಳಿಸಬಹುದು.